ಮೂರನೇ ಹಂತ ಎಂದು ಬರೆದಿದ್ದೆ

ಆ ಪುಟದಲ್ಲಿ ಹದಿನೇಳು ಸಾಲುಗಳಿದ್ದವು. ಹದಿನಾಲ್ಕನೆಯ ಸಾಲನ್ನು ನಾನು ಬಚ್ಚಿಟ್ಟೆ ಎಂದರೆ ಸುಳ್ಳಾಗುತ್ತದೆ. ಎಲ್ಲರಿಗೂ ಕಾಣುವಂತೆಯೇ ಬರೆದಿದ್ದೆ. ಅದೇ ದೊಡ್ಡ ಅಕ್ಷರ, ಅದೇ ಶಾಯಿ. ಬರೆದ ಮೇಲೆ ಅದು ತಪ್ಪಾಗಿ ಅರ್ಥವಾಗುತ್ತದೆ ಎಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಹಾಗೆಯೇ ಬಿಟ್ಟೆ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ವಿಮಾನ ನಿಲ್ದಾಣದ ಕೆಲಸ ಶುರುವಾಗಿದ್ದ ಕಾಲ ಅದು. ದೊಡ್ಡಬಳ್ಳಾಪುರದಲ್ಲಿ ಬಿ.ಕಾಂ. ಮುಗಿಸಿ, ಅಲ್ಲಿಯೇ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿದ್ದೆ. ನಾವು ಮಾಡುತ್ತಿದ್ದದ್ದು ಗೋದಾಮುಗಳ ಕಬ್ಬಿಣದ ರ‍್ಯಾಕು. ನಾಲ್ಕು ಕಂಬ, ನಡುವೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಮರದ ಹಲಗೆಯ ಸಮೇತ ಸರಕು. ಹಿಂದೆ ನೆಲದ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದ ಡಬ್ಬಗಳು ರ‍್ಯಾಕು ಹಾಕಿದ ಮೇಲೆ ಮೂರು ಅಂತಸ್ತಿನಲ್ಲಿ ಕೂರುತ್ತವೆ. ದೇವನಹಳ್ಳಿ ಕಡೆ ಜಮೀನಿನ ಬೆಲೆ ದಿನಕ್ಕೊಂದು ಮಾತಾಗುತ್ತಿದ್ದಂತೆ ನೆಲಮಂಗಲದ ಹೆದ್ದಾರಿಯುದ್ದಕ್ಕೂ ಗೋದಾಮುಗಳು ಏಳುತ್ತಿದ್ದವು. ನಮಗೆ ಕೈತುಂಬ ವಿಚಾರಣೆ ಬರುತ್ತಿತ್ತು, ಆರ್ಡರ್ ಮಾತ್ರ ಬರುತ್ತಿರಲಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳು ಸುರುಳಿ ಕಟ್ಟಿದ ದಪ್ಪ ಪುಸ್ತಕ ಕೊಟ್ಟು ಹೋಗುತ್ತಿದ್ದವು. ನಾವೂ ಅದನ್ನೇ ಮಾಡುತ್ತಿದ್ದೆವು, ಸ್ವಲ್ಪ ತೆಳ್ಳಗೆ.

ನಮ್ಮ ಮಾಲೀಕರನ್ನು ಎಲ್ಲರೂ ಸಾರ್ ಎನ್ನುತ್ತಿದ್ದೆವು. ಡಿಪ್ಲೊಮಾ ಮಾಡಿ, ಹದಿನೈದು ವರ್ಷ ಬೇರೆಯವರ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಸ್ವಂತ ಶೆಡ್ ಹಾಕಿದವರು. ನಾನು ಬರೆದ ಮೊದಲ ಪ್ರಸ್ತಾವವನ್ನು ಅವರು ಮೇಜಿನ ಮೇಲೆ ಇಟ್ಟು, ಮೊದಲ ಪುಟದ ಮೇಲೆ ಅಂಗೈ ಒತ್ತಿ ಕೇಳಿದರು.

"ಏನಮ್ಮಾ ಇದು? 'ನಮ್ಮ ಸಂಸ್ಥೆಯು ಗುಣಮಟ್ಟಕ್ಕೆ ಹೆಸರಾಗಿದ್ದು'... ನಿನ್ನನ್ನ ಹೆಣ್ಣು ನೋಡೋಕೆ ಬಂದೋರಿಗೆ ಹೇಳೋ ಮಾತು ಹೇಳ್ತಾ ಇದೀಯಲ್ಲ. ಅವ್ನ ಕಷ್ಟ ಏನು ಅಂತ ಎಲ್ಲಿದೆ?"

"ಮೂರನೇ ಪುಟದಲ್ಲಿದೆ ಸಾರ್."

"ಮೂರನೇ ಪುಟಕ್ಕೆ ಅವ್ನು ಬರೋದಿಲ್ಲ. ಮೊದಲ ಪುಟ ಓದೋವಾಗ ಫೋನ್ ಬರುತ್ತೆ. ಎದ್ದು ಹೋಗ್ತಾನೆ. ಅಷ್ಟರಲ್ಲಿ ಅವ್ನು ಹೂಂ ಅನ್ಬೇಕು, ಇಲ್ಲಾ ಉಹೂಂ ಅನ್ಬೇಕು. ನಡುವೆ ನಿಂತ್ಕೊಂಡ್ರೆ ನಮ್ಗೆ ಊಟ ಇಲ್ಲ."

ಹಾಗೆ ಶುರುವಾದದ್ದು ನನ್ನ ಒಂದು ಪುಟದ ಅಭ್ಯಾಸ. ಪ್ರಸ್ತಾವಕ್ಕೆ ಇಪ್ಪತ್ತು ಪುಟವಿರಲಿ, ಮೊದಲ ಪುಟದ ಸಾರಾಂಶ ತನ್ನ ಕಾಲ ಮೇಲೆ ನಿಲ್ಲಬೇಕು. ಮೊದಲ ಎರಡು ಸಾಲು ಗಿರಾಕಿಯ ತೊಂದರೆ, ಅದೂ ಅವನದೇ ಬಾಯಿಯ ಮಾತಿನಲ್ಲಿ. ಮೂರನೆಯದು ನಾವು ಏನು ಮಾಡಿ ಅನ್ನುತ್ತೇವೆ ಎಂಬುದು. ಆಮೇಲೆ ಅವನಿಗೆ ಅದರಿಂದ ಸಿಗುವುದು, ಸುಮ್ಮನಿದ್ದರೆ ಆಗುವ ನಷ್ಟ, ಬೆಲೆ, ದಿನ, ಅವನ ಕಡೆಯಿಂದ ಆಗಬೇಕಾದ್ದು. ಕೊನೆಗೆ ಅವನಿಂದ ಯಾವ ತೀರ್ಮಾನ ಬೇಕು, ಯಾವ ದಿನದೊಳಗೆ ಬೇಕು. ಕಬ್ಬಿಣದ ದಪ್ಪ, ಬಣ್ಣದ ಜಾತಿ, ನಮ್ಮ ಹಳೆಯ ಗಿರಾಕಿಗಳ ಪಟ್ಟಿ, ಎಲ್ಲ ಹಿಂದಿನ ಪುಟಗಳಿಗೆ. ಒಂದು ಸಾಲನ್ನು ತೆಗೆದರೆ ಅವನ ತೀರ್ಮಾನ ಬದಲಾಗುವುದಿಲ್ಲ ಎಂದಾದರೆ ಆ ಸಾಲು ಅಲ್ಲಿರಬಾರದು. ಇದು ಸಾರ್ ಹಾಕಿದ ಗೆರೆ. ಗೆರೆ ಒಳ್ಳೆಯದೇ ಆಗಿತ್ತು, ಈಗಲೂ ಒಳ್ಳೆಯದೇ ಎನ್ನುತ್ತೇನೆ.

ಬರೆದಾದ ಮೇಲೆ ಒಂದು ಪರೀಕ್ಷೆ ಇತ್ತು. ಲೆಕ್ಕದ ಗುಮಾಸ್ತರ ಕೈಗೆ ಪುಟ ಕೊಡುವುದು, ಒಂದು ನಿಮಿಷಕ್ಕೆ ಕಿತ್ತುಕೊಳ್ಳುವುದು, ಆಮೇಲೆ ಮೂರು ಪ್ರಶ್ನೆ ಕೇಳುವುದು. ಏನು ತೊಂದರೆ? ಏನು ಕೇಳ್ತಾ ಇದೀವಿ? ಅವರು ಏನು ಮಾಡಬೇಕು? ಗುಮಾಸ್ತರಿಗೆ ರ‍್ಯಾಕಿನ ಕೆಲಸ ಸ್ವಲ್ಪವೂ ಗೊತ್ತಿರಲಿಲ್ಲ, ಅದಕ್ಕೇ ಅವರು. ಅವರ ಉತ್ತರ ನಾವು ಬರೆದದ್ದಕ್ಕೆ ಹೊಂದಿದರೆ ಪುಟ ಪಾಸು. ಹೊಂದದಿದ್ದರೆ ತಪ್ಪು ಅವರದಲ್ಲ, ಪುಟದ್ದು.

ಅರಿಶಿನಕುಂಟೆಯ ಬಳಿ ಗೋದಾಮು ಇಟ್ಟುಕೊಂಡಿದ್ದ ಯಜಮಾನರ ವಿಚಾರಣೆ ಬಂದದ್ದು ಮಳೆಗಾಲದಲ್ಲಿ. ವಯಸ್ಸಾದವರು, ಬಿಳಿ ಅಂಗಿ, ಬಿಳಿ ಪಂಚೆ. ತಮ್ಮದೇ ಹೊಲದಲ್ಲಿ ಗೋದಾಮು ಕಟ್ಟಿ ಅಡುಗೆ ಎಣ್ಣೆಯ ವಿತರಕರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದರು. ಮಗ ಇಂಗ್ಲಿಷಿನಲ್ಲಿ ಎಲ್ಲ ಓದಿಕೊಳ್ಳುತ್ತಿದ್ದ, ತೀರ್ಮಾನ ಮಾತ್ರ ಅಪ್ಪನದು. ಅವರು ನಮ್ಮ ಮುಂದೆಯೇ ಬೆಂಗಳೂರಿನ ಕಂಪನಿಯ ಪುಸ್ತಕವನ್ನು ತೂಕ ನೋಡುವಂತೆ ಕೈಯಲ್ಲಿ ಎತ್ತಿ ಹಿಡಿದು ಹೇಳಿದರು.

"ಇದನ್ನ ಓದೋಕೆ ನಂಗೆ ಇನ್ನೊಂದು ಜನ್ಮ ಬೇಕು. ಕನ್ನಡದಲ್ಲಿ ಒಂದೇ ಒಂದು ಹಾಳೆ ತಂದುಕೊಡಿ ಸ್ವಾಮಿ. ಓದ್ತೀನಿ, ಆಗುತ್ತೆ ಇಲ್ಲ ಅಂತ ಅಲ್ಲೇ ಹೇಳ್ಬಿಡ್ತೀನಿ. ದಸರಾ ಹೊತ್ತಿಗೆ ಹಬ್ಬದ ಮಾಲು ಬರುತ್ತೆ, ಜಾಗ ಇಲ್ಲ ಅಂದ್ರೆ ಈ ಎಣ್ಣೆಯೋನು ಬೇರೆ ಕಡೆ ಹೊರಟೋಗ್ತಾನೆ."

ಸಾರ್ ನನ್ನ ಕಡೆ ನೋಡಿದರು. ನನಗೆ ಹೆಮ್ಮೆ ಎನಿಸಿತು. ಒಂದು ಹಾಳೆ, ಅದೂ ಕನ್ನಡದಲ್ಲಿ. ನನ್ನ ಕೈಗೆಂದೇ ಬಂದ ಕೆಲಸ.

ಅಳತೆಗೆ ನಮ್ಮ ಹಿರಿಯ ಫಿಟ್ಟರ್ ಬಂದಿದ್ದರು. ಅವರು ಗೋದಾಮಿನ ತುಂಬ ಸುತ್ತಿಗೆಯ ಹಿಡಿಯಿಂದ ನೆಲವನ್ನು ತಟ್ಟುತ್ತ ನಡೆದರು. ಉತ್ತರದ ಮೂಲೆಗೆ ಬಂದಾಗ ನಿಂತರು. ಮತ್ತೆ ತಟ್ಟಿದರು. ನನ್ನನ್ನು ಕರೆದು, "ಕೇಳು ಕಣಮ್ಮ," ಎಂದರು. ಬೇರೆ ಕಡೆ ಗಟ್ಟಿಯಾಗಿ ಬರುತ್ತಿದ್ದ ಸದ್ದು ಅಲ್ಲಿ ಖಾಲಿ ಡಬ್ಬದಂತೆ ಬರುತ್ತಿತ್ತು. ಕಾಂಕ್ರೀಟಿನ ಮೇಲೆ ಕೂದಲೆಳೆಯಷ್ಟು ಬಿರುಕು, ಅದೂ ನೇರವಾಗಿಲ್ಲ, ಬಾಗಿತ್ತು.

ಯಜಮಾನರೇ ಹೇಳಿದರು. "ಅಲ್ಲಿ ನಮ್ಮ ಬಾವಿ ಇತ್ತು. ನೀರು ಬತ್ತಿದ ಮೇಲೆ ಮಣ್ಣು ತುಂಬ್ಸಿದ್ವಿ. ಆಗ ಎಲ್ಲಿ ನೋಡಿದ್ರೂ ಮಣ್ಣಿನ ಲಾರೀನೇ, ಒಂದು ದಿನದಲ್ಲಿ ಮುಚ್ಚೋಯ್ತು."

ಮುಚ್ಚಿದ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ, ಕುಟ್ಟಿ ದಮ್ಮಸ್ಸು ಮಾಡದಿದ್ದರೆ ಅದು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ. ನೆಲದ ಮೇಲೆ ಹರಡಿ ಇಟ್ಟ ಸರಕನ್ನು ಅದು ತಡೆದೀತು. ರ‍್ಯಾಕಿನ ಲೆಕ್ಕ ಬೇರೆ. ಮೂರು ಅಂತಸ್ತಿನ ಭಾರವೆಲ್ಲ ಕಂಬದ ಬುಡದ ಅಂಗೈಯಗಲದ ತಗಡಿನ ಮೂಲಕ ಒಂದೇ ಜಾಗಕ್ಕೆ ಇಳಿಯುತ್ತದೆ. ಫಿಟ್ಟರ್ ಅದನ್ನು ನನಗೆ ವಿವರಿಸಿ, ಬಸ್ಸಿನಲ್ಲಿ ವಾಪಸು ಬರುವಾಗ ಎರಡೆರಡು ಸಲ ಹೇಳಿದರು.

"ಆ ಮೂಲೆಯ ನಾಲ್ಕು ಕಂಬದ ಕೆಳಗೆ ನೆಲ ಒಡೆದು, ಅಗೆದು, ಹೊಸದಾಗಿ ಕಂಬಿ ಕಟ್ಟಿ ಹಾಕ್ಬೇಕು. ಅದಾಗೋ ತನಕ ಎರಡು ಲೆವೆಲ್ ಇಟ್ಕೊಳ್ಲಿ. ಮೂರನೇ ಲೆವೆಲ್ಗೆ ಒಂದು ಡಬ್ಬಾನೂ ಏರಿಸ್ಬಾರ್ದು. ಈ ಮಾತು ನಿನ್ನ ಮೊದಲನೇ ಪುಟದಲ್ಲೇ ಇರ್ಲಿ ಕಣಮ್ಮ. ಒಳಗಿನ ಪುಟ ಯಾರೂ ನೋಡಲ್ಲ ಅಂತ ನೀವೇ ಹೇಳ್ತೀರಲ್ಲ."

"ಹಾಕ್ತೀನಿ ಬಿಡಿ ಅಣ್ಣ," ಎಂದೆ.

ಹಾಕಿದೆ ಕೂಡ. ಮೊದಲ ಕರಡಿನಲ್ಲಿ ಆ ಸಾಲು ಹೀಗಿತ್ತು: ಬಾವಿ ಮುಚ್ಚಿದ ಮೂಲೆಯಲ್ಲಿ ನೆಲವನ್ನು ಒಡೆದು ಹೊಸದಾಗಿ ಕಟ್ಟುವವರೆಗೆ ಅಲ್ಲಿನ ಮೇಲಿನ ಅಂತಸ್ತಿನಲ್ಲಿ ಸರಕು ಇಡಬಾರದು, ಇಟ್ಟರೆ ರ‍್ಯಾಕು ಕುಸಿಯಬಹುದು.

ಸಾರ್ ಓದಿ ಪೆನ್ನು ಕಚ್ಚಿದರು.

"ಸರಿಯಾಗೇ ಇದೆ. ಆದ್ರೆ ಈ ಸಾಲು ಓದಿದ ತಕ್ಷಣ ಅವ್ರಿಗೆ ಬೇರೆ ಏನೂ ಕಾಣೋದಿಲ್ಲ. ಕುಸಿಯಬಹುದು ಅನ್ನೋದು ಬೆಲೆಗಿಂತ ದಪ್ಪ ಕಾಣ್ತಾ ಇದೆ. ತೆಗಿ ಅಂತ ಹೇಳ್ತಿಲ್ಲ. ಇರ್ಬೇಕು. ಚಿಕ್ಕದು ಮಾಡು."

ಅವರ ಮೇಲೆ ಹಾಕಿ ಪಾರಾಗಬಹುದಿತ್ತು. ಅವರು ಹೇಳಿದ್ದು ಚಿಕ್ಕದು ಮಾಡು ಎಂದಷ್ಟೇ.

ಅಂದು ಇಡೀ ಮಧ್ಯಾಹ್ನ ಆ ಪುಟವನ್ನು ಮಸೆದೆ. ಮೊದಲ ಸಾಲನ್ನು ಐದು ಸಲ ಬರೆದೆ. 'ನಿಮ್ಮ ಗೋದಾಮಿನಲ್ಲಿ ಜಾಗವಿಲ್ಲದೆ ಲಾರಿಗಳು ಗೇಟಿನಲ್ಲಿ ಕಾಯುತ್ತಿವೆ. ಸೂರಿನ ಕೆಳಗೆ ಅರ್ಧಕ್ಕಿಂತ ಹೆಚ್ಚು ಗಾಳಿ ಖಾಲಿ ಇದೆ.' ಖಾಲಿ ಗಾಳಿಗೆ ಬಾಡಿಗೆ ಬರುವುದಿಲ್ಲ ಎಂದು ಅವರೇ ನಗುತ್ತ ಹೇಳಿದ್ದರು, ಅದನ್ನೂ ಹಾಗೆಯೇ ಎತ್ತಿಕೊಂಡೆ. ಹೊಸ ಗೋದಾಮು ಕಟ್ಟುವುದಕ್ಕೂ ಇದ್ದ ಗೋದಾಮಿನಲ್ಲೇ ಮೇಲಕ್ಕೆ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಕೂರಿಸಿದೆ. ಕೆಲಸದ ವೇಳೆಯನ್ನು ಮೂರು ಹಂತಗಳಾಗಿ ಒಡೆದೆ. ಮೊದಲನೇ ಹಂತ, ದಕ್ಷಿಣದ ಅರ್ಧ. ಎರಡನೇ ಹಂತ, ಉಳಿದರ್ಧ, ದಸರಾಕ್ಕೆ ಮುಂಚೆ. ಮೂರನೇ ಹಂತ, ಮುಂದಿನ ವರ್ಷ ಉತ್ತರಕ್ಕೆ ಅವರು ಕಟ್ಟಬೇಕೆಂದಿದ್ದ ಹೊಸ ಶೆಡ್ಡು.

ಹದಿನಾಲ್ಕನೆಯ ಸಾಲಿಗೆ ಬಂದಾಗ, ರ‍್ಯಾಕಿನ ಲೆವೆಲ್‌ಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಯೋಚಿಸಿದೆ. ಅಂತಸ್ತು ಎಂದಿದ್ದೆ. ಅದು ಮನೆಗೆ ಹೇಳುವ ಮಾತು ಅನ್ನಿಸಿತು. ಹಂತ ಎಂದು ಬದಲಾಯಿಸಿದೆ. ಸಾಲು ಹೀಗಾಯಿತು: ಉತ್ತರದ ಮೂಲೆಯಲ್ಲಿ ಮೂರನೇ ಹಂತಕ್ಕೆ ಮೊದಲು ನೆಲವನ್ನು ಬಲಪಡಿಸಿಕೊಳ್ಳುವುದು.

ಏಳು ಪದ. ತುಂಬ ಚೆನ್ನಾಗಿ ಕಂಡಿತು.

ಗುಮಾಸ್ತರಿಗೆ ಕೊಟ್ಟೆ. ಸಾರ್ ಊಟಕ್ಕೆ ಹೋಗಿದ್ದರು, ನಾವಿಬ್ಬರೇ ಇದ್ದೆವು. ಒಂದು ನಿಮಿಷವಾದ ಮೇಲೆ ಪುಟ ಕಿತ್ತುಕೊಂಡು ಕೇಳಿದೆ. ತೊಂದರೆ ಸರಿಯಾಗಿ ಹೇಳಿದರು. ನಾವು ಕೇಳುತ್ತಿರುವುದನ್ನೂ ಹೇಳಿದರು.

"ಅವ್ರು ಏನ್ ಮಾಡ್ಬೇಕು?"

"ಈ ತಿಂಗಳ ಕೊನೆಯೊಳಗೆ ಸಹಿ ಹಾಕ್ಬೇಕು. ಗೋದಾಮು ಅರ್ಧರ್ಧ ಖಾಲಿ ಮಾಡಿಕೊಡ್ಬೇಕು. ಇನ್ನು ಆ ನೆಲದ ಕೆಲಸ ಮುಂದಿನ ವರ್ಷ, ಹೊಸ ಶೆಡ್ ಕಟ್ಟೋಕೆ ಮುಂಚೆ."

ಪುಟ ಫೇಲಾಗಿತ್ತು. ನಾವೇ ಇಟ್ಟುಕೊಂಡ ಪರೀಕ್ಷೆಯಲ್ಲಿ, ಇರಬೇಕಾದ ಜಾಗದಲ್ಲೇ ಫೇಲಾಗಿತ್ತು.

"ಸರಿ ತಾನೇ?" ಎಂದರು ಗುಮಾಸ್ತರು.

"ಸರಿ," ಎಂದೆ.

ಯಾಕೆ ಹಾಗೆಂದೆ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸರಿಪಡಿಸಲು ಒಂದು ಪದ ಸಾಕಿತ್ತು. ಹಂತ ಎನ್ನುವ ಕಡೆ ಲೆವೆಲ್ ಎಂದು ಬರೆದಿದ್ದರೂ ಮುಗಿಯುತ್ತಿತ್ತು. ಆದರೆ ಗುಮಾಸ್ತರು ಅದನ್ನು ತಪ್ಪಾಗಿ ಓದಿದಾಗ ಪುಟ ಹಗುರವಾದದ್ದು ನನಗೆ ಕಂಡಿತು. ಮುಂದಿನ ವರ್ಷದ ಕೆಲಸ ಯಾರನ್ನೂ ಹೆದರಿಸುವುದಿಲ್ಲ. ದಸರಾಕ್ಕೆ ಮುಂಚೆ ನೆಲ ಒಡೆಯಬೇಕು, ಕಾಂಕ್ರೀಟು ಹಾಕಿ ಮೂರು ವಾರ ನೀರು ಕುಡಿಸಬೇಕು ಎಂದರೆ ಯಜಮಾನರು ಹಿಂದೆ ಸರಿಯುತ್ತಿದ್ದರೇನೋ. ಬರೆದಿದ್ದೇನಲ್ಲ, ಬರೆದದ್ದು ಸುಳ್ಳಲ್ಲವಲ್ಲ, ಒಳಗಿನ ಒಂಬತ್ತನೇ ಪುಟದಲ್ಲಿ ಚಿತ್ರ ಸಮೇತ ಇದೆಯಲ್ಲ ಎಂದುಕೊಂಡೆ. ಒಳಗಿನ ಪುಟವನ್ನು ಯಾರೂ ನೋಡದ ಹಾಗೆ ಮೊದಲ ಪುಟ ಬರೆಯುವುದೇ ನನ್ನ ಕೆಲಸ ಎನ್ನುವುದನ್ನು ಆ ಹೊತ್ತಿಗೆ ಮರೆತೆ.

ಯಜಮಾನರು ಜಗಲಿಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆರಳಿಟ್ಟು ಓದಿದರು. ಹದಿನಾಲ್ಕನೇ ಸಾಲಿನ ಮೇಲೆ ಬೆರಳು ಬಂದಾಗ ನಾನು ಅವರ ಮುಖವನ್ನು ನೋಡಲಿಲ್ಲ, ಅಂಗಳದಲ್ಲಿ ಒಣಗಲು ಹಾಕಿದ್ದ ಹುಣಸೆಹಣ್ಣನ್ನು ನೋಡುತ್ತಿದ್ದೆ. ಬೆರಳು ಮುಂದೆ ಹೋಯಿತು.

"ಯಾರು ಬರೆದಿದ್ದು ಇದು?"

"ನಮ್ಮ ಹುಡುಗೀನೇ," ಎಂದರು ಸಾರ್.

"ಚೆನ್ನಾಗಿದೆ ಕಣಮ್ಮ. ಖಾಲಿ ಗಾಳಿಗೆ ಬಾಡಿಗೆ ಬರೋದಿಲ್ಲ! ನನ್ನ ಮಾತು ನಂಗೇ ಹೇಳ್ತೀಯಲ್ಲ. ಆಯ್ತು, ನಡೀರಿ, ಶುರು ಮಾಡಿ."

ಆ ಪುಟದ ಹಿಂದಿದ್ದ ನಮ್ಮ ಪೂರ್ತಿ ಪ್ರಸ್ತಾವವನ್ನು ಅವರು ತೆರೆಯಲೇ ಇಲ್ಲ. ವಾಪಸು ಬರುವಾಗ ಸಾರ್ ದಾರಿಯಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ನಾನು ಎರಡು ತಿಂದೆ. ಅದೂ ನೆನಪಿದೆ.

ರ‍್ಯಾಕು ನಿಲ್ಲಿಸುವಾಗ ಹಿರಿಯ ಫಿಟ್ಟರ್ ಹೊಸಕೋಟೆ ಕಡೆಯ ಇನ್ನೊಂದು ಕೆಲಸದಲ್ಲಿದ್ದರು. ಇಲ್ಲಿಗೆ ಗುತ್ತಿಗೆಯ ತಂಡ ಹೋಯಿತು. ಅವರು ನಕ್ಷೆ ನೋಡಿ ಕಂಬ ನಿಲ್ಲಿಸಿ, ಬೋಲ್ಟು ಬಿಗಿದು, ಒಂದೊಂದು ಲೆವೆಲ್ ಎಷ್ಟು ಭಾರ ಹೊರುತ್ತದೆ ಎಂಬ ಹಳದಿ ಬೋರ್ಡು ಹಾಕಿ ಬಂದರು. ಬೋರ್ಡು ರ‍್ಯಾಕಿನ ಬಗ್ಗೆ ಹೇಳುತ್ತಿತ್ತು, ನೆಲದ ಬಗ್ಗೆ ಅಲ್ಲ.

ದಸರಾಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇರುವಾಗ ಒಂದು ಬೆಳಿಗ್ಗೆ ಸಾರ್ ನನ್ನನ್ನು ಕ್ಯಾಮೆರಾ ಕೊಟ್ಟು ಕಳಿಸಿದರು. ತುಂಬಿದ ಗೋದಾಮಿನ ಫೋಟೋ ಬೇಕಿತ್ತು. ಮುಂದಿನ ಗಿರಾಕಿಗೆ ಬರೆಯುವ ಪುಟದಲ್ಲಿ ಹತ್ತು ಸಾಲಿನ ಕೆಲಸವನ್ನು ಒಂದು ಚಿತ್ರ ಮಾಡುತ್ತದೆ ಎಂಬುದು ಅವರ ಹೊಸ ಯೋಚನೆ.

ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದವನು ಮಧುರೆಯವನು. ನಾವು ಬರುವ ದಾರಿಯ ಊರಾದ್ದರಿಂದ ಮೊದಲ ದಿನವೇ ಪರಿಚಯವಾಗಿತ್ತು. ನಲವತ್ತರ ಆಸುಪಾಸು, ಬಾಯಿ ಸುಮ್ಮನಿರುತ್ತಿರಲಿಲ್ಲ. ಕ್ಯಾಮೆರಾ ನೋಡಿದ ಕೂಡಲೇ ಗಾಡಿಯ ಮೇಲಿಂದಲೇ ಕೂಗಿದ.

"ಏನ್ ಮೇಡಮ್ನೋರೆ, ಮದುವೆ ಮನೇಗ್ ಬಂದಂಗೆ ಬಂದಿದೀರಾ! ತಡೀರಿ, ತಲೆ ಬಾಚ್ಕೊಂಡು ಬರ್ತೀನಿ."

"ನಿಮ್ದಲ್ಲ, ರ‍್ಯಾಕಿಂದು ಫೋಟೋ."

"ರ‍್ಯಾಕ್ ಏನ್ ನಗುತ್ತಾ? ನಾನಾದ್ರೆ ನಗ್ತೀನಿ."

ಯಜಮಾನರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಹಮಾಲಿಗಳು ಹೊರಗೆ ಚಹಾ ಕುಡಿಯುತ್ತಿದ್ದರು. ಅವನು ಎಣ್ಣೆ ಡಬ್ಬಗಳ ಒಂದು ಹಲಗೆಯನ್ನು ಎತ್ತಿಕೊಂಡು ಸಾಲಿನೊಳಗೆ ಹೋದ. ಉತ್ತರದ ಮೂಲೆಯ ಕಡೆ.

ಅಲ್ಲಿ ಮೂರನೇ ಲೆವೆಲ್ಲಿನಲ್ಲಿ ಆಗಲೇ ಸರಕು ಇತ್ತು. ಒಂದು ಜಾಗ ಮಾತ್ರ ಖಾಲಿ.

ಆ ಕೆಲವು ಕ್ಷಣಗಳನ್ನು ನಾನು ಈಗಲೂ ಬಿಡಿಸಿ ಬಿಡಿಸಿ ನೋಡುತ್ತೇನೆ. ಹಲಗೆ ಮೇಲಕ್ಕೆ ಏರತೊಡಗಿತು. ನನಗೆ ಕಂಡಿತು, ಅರ್ಥವೂ ಆಯಿತು. ಕೂಗಬೇಕು ಎನಿಸಿತು. ಕೂಗಿದರೆ ಏನೆಂದು ಕೂಗಲಿ? ಯಜಮಾನರು ಪಕ್ಕದಲ್ಲಿದ್ದರು. ಯಾಕಮ್ಮ ಎಂದು ಕೇಳುತ್ತಾರೆ. ಹೇಳಬೇಕಾಗುತ್ತದೆ. ಒಂದು ಫೋಟೋ ತೆಗೆದು, ಆಮೇಲೆ ನಿಧಾನವಾಗಿ ಅವನನ್ನು ಪಕ್ಕಕ್ಕೆ ಕರೆದು ಹೇಳಿದರಾಯಿತು ಎಂದುಕೊಂಡೆ. ಕ್ಯಾಮೆರಾ ಕಣ್ಣಿಗೆ ಏರಿಸಿದೆ. ಗುಂಡಿ ಒತ್ತಿದೆ.

ಮೊದಲು ಬಂದದ್ದು ಸಣ್ಣ ಸದ್ದು. ಬಿಸ್ಕತ್ತು ಮುರಿದ ಹಾಗೆ. ಆಮೇಲೆ ಒಂದು ಕಂಬ, ಯಾರೋ ಕಾಲು ಜಾರಿದಂತೆ, ಗೇಣಿನಷ್ಟು ಕೆಳಗಿಳಿಯಿತು. ಅಷ್ಟೇ. ಒಂದು ಕ್ಷಣ ಎಲ್ಲ ನಿಂತಂತಿತ್ತು. ಅಡ್ಡಪಟ್ಟಿಯ ಕೊಕ್ಕೆಗಳು ಒಂದೊಂದಾಗಿ ಕಳಚಿಕೊಂಡವು. ಮೇಲಿನ ಹಲಗೆಗಳು ಓರೆಯಾಗಿ, ಡಬ್ಬಗಳು ಒಂದರ ಹಿಂದೆ ಒಂದು ಬರತೊಡಗಿದವು. ಅವನು ಗಾಡಿಯನ್ನು ಹಿಂದಕ್ಕೆ ತೆಗೆಯಲು ನೋಡಿದ. ಆಗಲಿಲ್ಲ. ಆಮೇಲೆ ಅವನು ನನಗೆ ಕಾಣಲಿಲ್ಲ.

ನಾನು ಕೂಗಲಿಲ್ಲ. ಕೂಗಿದವರು ಯಜಮಾನರು.

ರ‍್ಯಾಕಿನ ಎರಡು ಖಾನೆ ಮಾತ್ರ ಬಿದ್ದವು. ಮೂರನೆಯದು ಓರೆಯಾಗಿ ನಿಂತಿತು. ಅದೂ ಬಿದ್ದಿದ್ದರೆ ಸಾಲಿಗೆ ಸಾಲೇ ಹೋಗುತ್ತಿತ್ತು ಎಂದು ಆಮೇಲೆ ಫಿಟ್ಟರ್ ಹೇಳಿದರು. ಹಮಾಲಿಗಳು ಎಣ್ಣೆಯಲ್ಲಿ ಜಾರುತ್ತ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಳಗೆ ಹೋದರು. ಫೋರ್ಕ್‌ಲಿಫ್ಟಿನ ತಲೆಯ ಮೇಲಿರುವ ಕಬ್ಬಿಣದ ಚೌಕಟ್ಟು ಬಾಗಿತ್ತು, ಮುರಿದಿರಲಿಲ್ಲ. ಅದರ ಕೆಳಗೆ ಅವನು ಮುದುರಿ ಕೂತಿದ್ದ. ಎಡಗೈ ಹೊರಗೆ ಸಿಕ್ಕಿಕೊಂಡಿತ್ತು. ಹೊರಗೆ ತಂದಾಗ ಮೈಯೆಲ್ಲ ಎಣ್ಣೆ. ರಕ್ತ ಎಣ್ಣೆಯ ಮೇಲೆ ನಿಲ್ಲದೆ ಹರಿಯುತ್ತಿತ್ತು. ಅವನು ಏನೋ ಹೇಳುತ್ತಿದ್ದ. ಬಗ್ಗಿ ಕೇಳಿದೆ. "ಗಾಡಿ ಆಫ್ ಮಾಡಿ," ಎನ್ನುತ್ತಿದ್ದ.

ನೆಲಮಂಗಲದ ಆಸ್ಪತ್ರೆಯಲ್ಲಿ ಜೀವಕ್ಕೆ ಭಯವಿಲ್ಲ ಎಂದರು. ತೋಳು ಎರಡು ಕಡೆ ಮುರಿದಿತ್ತು, ಭುಜದ ಮೂಳೆಯೂ. ಕೈ ಮೊದಲಿನಂತೆ ಮೇಲಕ್ಕೆ ಏಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು.

ಸಾರ್ ಓಡಿ ಬಂದರು. ಹೊರಗಿನ ಬೆಂಚಿನ ಮೇಲೆ ನಾವು ಮೂವರೂ ಕೂತಿದ್ದೆವು. ಯಜಮಾನರು ಮನೆಗೆ ಹೋಗಿ ಅಂಗಿ ಬದಲಿಸಿ ಬಂದಿದ್ದರು. ಬರುವಾಗ ನನ್ನ ಪುಟವನ್ನು ತಂದಿದ್ದರು. ಅದನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಬೆರಳನ್ನು ಹದಿನಾಲ್ಕನೇ ಸಾಲಿನ ಮೇಲಿಟ್ಟರು.

"ನೀವು ಬರೆದಿದೀರಿ. ನಾನೇ ಸರಿಯಾಗಿ ಓದ್ಲಿಲ್ಲ. ಮೂರನೇ ಹಂತ ಅಂದ್ರೆ ಮುಂದಿನ ವರ್ಷದ್ದು ಅಂದ್ಕೊಂಡೆ. ವಯಸ್ಸಾಯ್ತಮ್ಮ, ತಲೆ ಓಡೋದಿಲ್ಲ. ಬಾವಿ ಮುಚ್ಚಿದೋನೂ ನಾನೇ. ನನ್ನ ಕರ್ಮಕ್ಕೆ ಅವನು ಸಿಕ್ಕೊಂಡ."

ಆ ಕ್ಷಣ ನಾನು ಹೇಳಬಹುದಿತ್ತು. ನೀವು ಓದಿದ್ದು ಸರಿ ಯಜಮಾನ್ರೇ, ಹಾಗೆ ಓದಲಿ ಎಂದೇ ನಾನು ಬಿಟ್ಟಿದ್ದೆ ಎನ್ನಬಹುದಿತ್ತು. ಸಾರ್ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು.

"ತಪ್ಪು ಯಾರದು ಅಂತ ಈಗ ಯಾಕೆ ಯಜಮಾನ್ರೇ. ಜೀವ ಉಳೀತಲ್ಲ."

ಆಫೀಸಿಗೆ ಮರಳುವಾಗ ಕಾರಿನಲ್ಲಿ ಅವರು ಉಸಿರು ಬಿಟ್ಟು ಹೇಳಿದರು. "ಪುಣ್ಯಕ್ಕೆ ಆ ಸಾಲು ಪುಟದಲ್ಲಿ ಇತ್ತು. ನೀನು ಅದನ್ನ ತೆಗೆದು ಹಾಕಿದ್ರೆ ನಾವು ಮುಗಿದೇ ಹೋಗ್ತಿದ್ವಿ." ನನ್ನನ್ನು ಹೊಗಳಿದ್ದು ಅದು. ಗುಮಾಸ್ತರ ಉತ್ತರದ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತುಮಾಡುವ ಧೈರ್ಯ ನನಗಿರಲಿಲ್ಲ. ಫೋಟೋ ಕೇಳಿದರು. ಬಂದಿಲ್ಲ ಎಂದೆ. ಬಂದಿತ್ತು. ಹಲಗೆ ಇನ್ನೂ ಗಾಳಿಯಲ್ಲಿದೆ, ಅವನು ಕತ್ತೆತ್ತಿ ಮೇಲೆ ನೋಡುತ್ತಿದ್ದಾನೆ. ಆಮೇಲೆ ಅಳಿಸಿದೆ.

ಮುಂದಿನ ವಾರ ದುರಸ್ತಿಯ ಪ್ರಸ್ತಾವ ಬರೆಯಬೇಕಾಯಿತು. ಮೊದಲ ಸಾಲಿನಲ್ಲೇ ಬಾವಿಯನ್ನು ಹಾಕಿದೆ. ಎರಡನೆಯದರಲ್ಲಿ, ನೆಲದ ಕೆಲಸ ಮುಗಿದು ಫಿಟ್ಟರ್ ಸಹಿ ಹಾಕುವವರೆಗೆ ಆ ಮೂಲೆ ಪೂರ್ತಿ ಖಾಲಿ ಎಂದು ಬರೆದೆ. ಸಾರ್ ಈ ಸಲ ಚಿಕ್ಕದು ಮಾಡು ಎನ್ನಲಿಲ್ಲ. ಫಿಟ್ಟರ್ ಓದಿದರು, ಹಳೆಯ ಪ್ರಸ್ತಾವದ ಮೊದಲ ಪುಟವನ್ನೂ ಕೇಳಿ ತೆಗೆದುಕೊಂಡು ಓದಿದರು. "ಹಂತ," ಎಂದು ಒಂದು ಸಲ ಹೇಳಿಕೊಂಡರು. ಹಾಳೆಯನ್ನು ನನ್ನ ಮೇಜಿನ ಮೇಲೆ ಬೋರಲಾಗಿ ಇಟ್ಟು ಹೋದರು. ಅಂದಿನಿಂದ ಅವರು ನನ್ನನ್ನು ಕಣಮ್ಮ ಎನ್ನುವುದು ನಿಂತಿತು, ಮೇಡಮ್ ಎನ್ನತೊಡಗಿದರು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮಧುರೆಗೆ ಹೋದೆ. ಬಸ್ಸಿನಲ್ಲಿ ಒಬ್ಬಳೇ, ಕಿತ್ತಲೆ ಹಣ್ಣಿನ ಚೀಲ ಹಿಡಿದುಕೊಂಡು. ಪುಟವೂ ಚೀಲದಲ್ಲಿತ್ತು. ಯಜಮಾನರಿಗೆ ಹೇಳಲಾಗದ್ದನ್ನು ಅವನಿಗಾದರೂ ಹೇಳಬೇಕು ಎಂದು ನಿಶ್ಚಯ ಮಾಡಿದ್ದೆ. ಅವನು ಮನೆಯ ಮುಂದೆ ಬಿಸಿಲಿಗೆ ಕೂತಿದ್ದ. ಕೈ ಭುಜದ ಎತ್ತರಕ್ಕೆ ಬರುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ಫೋರ್ಕ್‌ಲಿಫ್ಟಿನಲ್ಲಿ ಎಡಗೈ ಎಂದರೆ ಚಕ್ರ ತಿರುಗಿಸುವ ಕೈ.

"ಬನ್ನಿ ಮೇಡಮ್ನೋರೆ! ಕ್ಯಾಮೆರಾ ತಂದಿಲ್ಲ ತಾನೇ? ನೀವು ಕ್ಯಾಮೆರಾ ಎತ್ತಿದ್ರೆ ನಂಗೆ ಭಯ," ಎಂದು ನಕ್ಕ. ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟಳು. ನಗಲಿಲ್ಲ.

ಚೀಲದಿಂದ ಪುಟ ತೆಗೆದು ಕೊಟ್ಟೆ. "ಇದನ್ನ ಬರೆದಿದ್ದು ನಾನು. ಹದಿನಾಲ್ಕನೇ ಸಾಲು ನೋಡಿ," ಎಂದೆ. ಅವನು ಸಾಲುಗಳನ್ನು ಎಣಿಸಿಕೊಂಡು ಬಂದು, ನಿಧಾನವಾಗಿ, ಜೋರಾಗಿ ಓದಿದ.

"ಉತ್ತರದ ಮೂಲೆಯಲ್ಲಿ... ಮೂರನೇ ಹಂತಕ್ಕೆ ಮೊದಲು... ನೆಲವನ್ನು ಬಲಪಡಿಸಿಕೊಳ್ಳುವುದು." ತಲೆ ಎತ್ತಿದ. "ಸರಿಯಾಗೇ ಇದೆಯಲ್ಲ. ಮೂರನೇ ಲೆವೆಲ್ಗೆ ಮಾಲು ಇಡೋಕ್ ಮುಂಚೆ ನೆಲ ಗಟ್ಟಿ ಮಾಡಿ ಅಂತ. ಇದ್ರಲ್ಲಿ ತಪ್ಪೇನಿದೆ?"

ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ದಿನವಿಡೀ ರ‍್ಯಾಕಿನ ಜೊತೆ ಬದುಕುವವನಿಗೆ ಹಂತ ಎಂದರೆ ಒಂದೇ ಅರ್ಥ.

ನಾನು ಹೇಳಿದೆ. ಗುಮಾಸ್ತರಿಗೆ ಓದಿಸಿದ್ದು, ಅವರು ತಪ್ಪಾಗಿ ಓದಿದ್ದು, ನನಗೆ ಅನುಕೂಲ ಅನ್ನಿಸಿದ್ದು, ಬಿಟ್ಟದ್ದು, ಆ ದಿನ ಮೂಲೆಯನ್ನು ಕಂಡೂ ಕ್ಯಾಮೆರಾ ಎತ್ತಿದ್ದು. ಎಲ್ಲವನ್ನೂ ಹೇಳಿದೆ. ಅವನು ಪುಟವನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದ. ಒಳಗೆ ಪಾತ್ರೆಗಳ ಸದ್ದು ನಿಂತಿತ್ತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ.

"ನೀವು ಇದನ್ನ ನಮಗೆ ಯಾಕೆ ತೋರಿಸ್ಲಿಲ್ಲ ಮೇಡಮ್?"

ಕೋಪದಲ್ಲಿ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.

ಇದು ತೀರ್ಮಾನ ಮಾಡುವವರಿಗೆ ಬರೆಯುವ ಪುಟ ಎಂದೆ. ಹೇಳುತ್ತಿರುವಾಗಲೇ ನನ್ನ ದನಿ ಸಣ್ಣಗಾಗುತ್ತ ಬಂತು. ಅವನು ಹೂಂ ಎಂದ. ಪುಟವನ್ನು ಒಂದೇ ಕೈಯಿಂದ ಮಡಿಸಲು ನೋಡಿದ, ಗಾಳಿಗೆ ಬಿಚ್ಚಿಕೊಂಡಿತು. ಮೊಣಕಾಲ ಮೇಲಿಟ್ಟು ಒತ್ತಿ ಮಡಿಸಿ, ನನಗೆ ವಾಪಸು ಕೊಡದೆ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಯಾವ ಬಸ್ಸಿಗೆ ಹೋಗುತ್ತೀರಿ ಎಂದು ಕೇಳಿದ. ಮುಂದಿನದಕ್ಕೆ ಎಂದೆ.

ಆ ಪುಟವನ್ನು ಅವನು ಯಜಮಾನರಿಗೆ ತೋರಿಸಿದನೋ, ಯಾರಿಗಾದರೂ ಹೇಳಿದನೋ, ನನಗೆ ತಿಳಿಯದು. ಯಾರೂ ಬಂದು ನನ್ನನ್ನು ಕೇಳಲಿಲ್ಲ. ಹೇಳಲಿ ಎಂದು ಕೆಲವು ತಿಂಗಳು ಕಾದೆ. ಹೇಳದಿರಲಿ ಎಂದೂ ಕಾದೆ. ಎರಡೂ ಒಟ್ಟಿಗೇ ಇರುತ್ತಿದ್ದವು.